ಪ್ರಶ್ನೆಪತ್ರಿಕೆಯೊಳಗಿನ ಕೆಮ್ಮು

ಮುಂಬಯಿಯ ಮುಲುಂಡಿನ ನಮ್ಮ ಮನೆಯಲ್ಲಿ ಆ ಸಂಜೆ ಇದ್ದವರು ನಾನು, ನನ್ನ ಹೆಂಡತಿ, ಮೆಡಿಕಲ್ ಓದುವ ತಮ್ಮನ ಮಗಳು. ಜೊತೆಗೆ ತಿಂಗಳಿಂದ ಬಿಡದ ನನ್ನ ಒಣ ಕೆಮ್ಮು. ಹುಡುಗಿಯ ಔಷಧಶಾಸ್ತ್ರದ ಪರೀಕ್ಷೆ ಹತ್ತಿರವಿತ್ತು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಓದುವ ಕೆಲಸ ನನ್ನದು, ಉತ್ತರ ಅವಳದು.

"ಬಿಪಿಗೆ ಎನಲಾಪ್ರಿಲ್ ತೆಗೆದುಕೊಳ್ಳುವ ಅರುವತ್ತರ ಗಂಡಸಿಗೆ..." ಎಂದು ಓದುತ್ತಲೇ ಕೆಮ್ಮಿದೆ. "ಒಣ ಕೆಮ್ಮು. ಕಾರಣವೇನು? ಚಿಕಿತ್ಸೆಯೇನು?"

"ಆ ಮಾತ್ರೆಯಿಂದ ಮೈಯಲ್ಲಿ ಬ್ರಾಡಿಕೈನಿನ್ ಅನ್ನೋ ವಸ್ತು ಒಡೆಯದೆ ಉಳೀತದೆ, ಅದ್ರಿಂದ ಕೆಮ್ಮು. ಆ ಮಾತ್ರೆ ನಿಲ್ಸಿ ಲೋಸಾರ್ಟಾನ್ ಕೊಡ್ಬೇಕು. ದೊಡ್ಡಪ್ಪ, ಪ್ಲೀಸ್, ನೀರು ಕುಡಿದು ಓದಿ. ಡಿಸ್ಟರ್ಬ್ ಆಗ್ತದೆ."

ನೀರು ಕುಡಿದೆ. ಕೆಮ್ಮು ನಿಲ್ಲಲಿಲ್ಲ. ಎದ್ದುಹೋಗಿ ನನ್ನ ಬಿಪಿ ಮಾತ್ರೆಯ ಸ್ಟ್ರಿಪ್ ತಂದು ಪತ್ರಿಕೆಯ ಮೇಲಿಟ್ಟೆ. ಎನಲಾಪ್ರಿಲ್.

ಅವಳು ಹೆಸರು ಓದಿ ನನ್ನನ್ನೇ ನೋಡಿದಳು. "ಇದು ಪೇಪರಲ್ಲಿ ಬರೋ ಮಾತ್ರೆ ಅಲ್ವಾ ದೊಡ್ಡಪ್ಪ?"

"ಅಂಗಡಿಯಲ್ಲೂ ಸಿಗ್ತದೆ ಮಾರಾಯ್ತಿ," ಎಂದಳು ಹೆಂಡತಿ. "ಇವರಿಗೆ ಎಷ್ಟು ಮಾರ್ಕು?"

"ಐದು," ಎಂದಳು ಹುಡುಗಿ ಸಣ್ಣ ದನಿಯಲ್ಲಿ. "ದೊಡ್ಡಪ್ಪ, ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ. ನಾಳೆ ಡಾಕ್ಟರ್ ಹತ್ರ ನಾನೂ ಬರ್ತೇನೆ."

ಮರುದಿನ ಡಾಕ್ಟರು ಮಾತ್ರೆ ಬದಲಿಸಿದರು. ಕೆಲವು ವಾರಗಳಲ್ಲಿ ಕೆಮ್ಮು ಹೋಯಿತು. ಪರೀಕ್ಷೆಯಲ್ಲಿ ಆ ಪ್ರಶ್ನೆ ಬರಲಿಲ್ಲ.