ಒಲಿವೆರಾಳ ಬಿಸಿ ಸೂಪು

ಚಾಚಕ್ ಊರಿನಲ್ಲಿ ಮದುವೆ ಹಾಲ್ ನಡೆಸಿ ನಡೆಸಿ ನನ್ನ ಕಾಲು ಸವೆದಿದೆ. ಮದುಮಕ್ಕಳು ಕೇಳುವುದೆಲ್ಲ ಅದೇ ಹೂವು, ಅದೇ ಕಹಳೆ ಮೇಳ, ಅದೇ ಹಂದಿ ರೋಸ್ಟು. ಒಲಿವೆರಾ ಮಾತ್ರ ಬಂದವಳೇ ಕುರ್ಚಿಯಲ್ಲಿ ಕುಸಿದು ಕೂತು, "ಮಿರ್ಯಾನಕ್ಕ, ಮದುವೆ ದಿನ ನನಗೆ ಬಿಸಿ ಸೂಪ್ ಬೇಕು," ಎಂದಳು.

ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

ಅವಳ ಅಪ್ಪ ರಾದೊಯೆ, ಅಮ್ಮ ಸ್ತಾನಾ, ಇಬ್ಬರೂ ಹುಟ್ಟು ಕಿವುಡರು. ಆರನೇ ವಯಸ್ಸಿನಿಂದ ಬ್ಯಾಂಕು, ಆಸ್ಪತ್ರೆ, ನೆಂಟರ ಮನೆ, ಎಲ್ಲ ಕಡೆಯೂ ಅವರ ಕಿವಿ ಇವಳೇ. ಊಟಕ್ಕೆ ಕೂತರೆ ಸುತ್ತಲಿನವರ ಮಾತನ್ನೆಲ್ಲ ಕೈಸನ್ನೆಯಲ್ಲಿ ಹೇಳುತ್ತಲೇ ಇರಬೇಕು. ಚಮಚ ಹಿಡಿಯುವ ಹೊತ್ತಿಗೆ ಸೂಪು ತಣ್ಣಗಾಗಿ ಮೇಲೆ ಜಿಡ್ಡು ಕಟ್ಟಿರುತ್ತಿತ್ತು. ಇಪ್ಪತ್ತೊಂಬತ್ತಕ್ಕೇ ಆ ಹುಡುಗಿ ಮುದುಕಿಯ ಹಾಗೆ ದಣಿದಿದ್ದಳು.

ಸನ್ನೆಭಾಷೆಯ ಇಬ್ಬರು ದುಭಾಷಿಗಳನ್ನು ಗೊತ್ತು ಮಾಡಿದೆವು. ಒಬ್ಬರೇ ಆದರೆ ಅರ್ಧ ಗಂಟೆಗೆ ಸೋತುಹೋಗುತ್ತಾರೆ. ಕಿವುಡ ನೆಂಟರಿಗೆ ದುಂಡು ಮೇಜು ಹಾಕಿಸಿದೆ, ಒಬ್ಬರ ಕೈ ಇನ್ನೊಬ್ಬರಿಗೆ ಕಾಣಬೇಕಲ್ಲ. ನಡುವಿನ ಹೂಗುಚ್ಛ ತೆಗೆಸಿದೆ. ಊಟದ ಪಟ್ಟಿ ಬರೆದಿಟ್ಟೆ, ಬೇಕಾದ್ದಕ್ಕೆ ಬೆರಳಿಟ್ಟು ತೋರಿಸಿದರೆ ಸಾಕು. ಗಂಡಿನ ಅಜ್ಜಿಯ ಗಾಲಿಕುರ್ಚಿಗೆ ಬಾಗಿಲಲ್ಲಿ ಇಳಿಜಾರು ಕಟ್ಟಿಸಿ, ಮೇಜಿನಿಂದ ಒಂದು ಕುರ್ಚಿ ಎತ್ತಿಸಿದೆ.

ಮದುವೆಗೆ ಸಾಕ್ಷಿ ನಿಲ್ಲುವ ಹಿರಿಯ ದ್ರಾಗಿಶಾನಿಗೆ ದುಭಾಷಿಗಳನ್ನು ಕರೆಸಿದ್ದು ಗಂಟಲಲ್ಲಿ ಇಳಿಯಲಿಲ್ಲ. "ಮನೆ ಮಗಳೇ ಇದ್ದಾಳಲ್ಲ, ಹೊರಗಿನವರು ಯಾಕೆ ಬೇಕು?"

"ಅವತ್ತು ಅವಳು ಮದುಮಗಳು ಕಣಯ್ಯಾ, ನಿನ್ನ ಮೈಕ್ ಅಲ್ಲ," ಎಂದೆ.

ಮದುವೆಯ ಮಧ್ಯಾಹ್ನ ಸೂಪು ಬಡಿಸುತ್ತಿದ್ದ ಹಾಗೆಯೇ ದ್ರಾಗಿಶಾ ಲೋಟ ಹಿಡಿದು ಎದ್ದ. ಫೋಟೊ ಚೆನ್ನಾಗಿ ಬರಲೆಂದು, ಮಾತಾಡುವವರಿಗೆಂದು ನಾವು ಗುರುತು ಮಾಡಿದ್ದ ಜಾಗ ಬಿಟ್ಟು ದೊಡ್ಡ ಕಿಟಕಿಯ ಮುಂದೆ ನಿಂತು ಹರಸತೊಡಗಿದ. ದುಭಾಷಿಗಳಲ್ಲಿ ಒಬ್ಬಳು ಅವನ ಪಕ್ಕಕ್ಕೆ ಓಡಿದಳು. ಬೆನ್ನ ಹಿಂದೆ ಬಿಸಿಲು. ಅವಳ ಮುಖ, ಕೈ ಎಲ್ಲ ಬರೀ ನೆರಳು. ದುಂಡು ಮೇಜಿನವರು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಎಂದಿನ ರೂಢಿಯಂತೆ ಎಲ್ಲರೂ ಒಲಿವೆರಾಳ ಕಡೆ ತಿರುಗಿದರು.

ಅವಳು ಚಮಚ ಕೆಳಗಿಟ್ಟಳು. ಕೈಗಳು ತಾವಾಗಿಯೇ ಮೇಲೆದ್ದವು.

ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಅಷ್ಟೆಲ್ಲ ಯೋಚಿಸಿದವಳು ಕಿಟಕಿಯ ಪರದೆಯನ್ನು ಮರೆತಿದ್ದೆ. ಓಡಿ ಹೋಗಿ ಎಳೆದೆ. ದುಭಾಷಿಯ ಕೈಗಳು ಕಾಣಿಸಿದವು, ಆದರೆ ಯಾರೂ ಅತ್ತ ನೋಡುತ್ತಿರಲಿಲ್ಲ.

ಸ್ತಾನಾ ಎದ್ದು ನಿಂತಳು. ಮಗಳನ್ನೇ ನೋಡುತ್ತ ಬೆರಳುಗಳನ್ನು ಬಾಯಿಗೆ ಮುಟ್ಟಿಸಿದಳು: ತಿನ್ನು. ಮಗಳ ಕೈ ಇಳಿಯಲಿಲ್ಲ. ಆಗ ಸ್ತಾನಾ ತನ್ನ ಕುರ್ಚಿಯನ್ನು ತಿರುಗಿಸಿ, ಮಗಳಿಗೆ ಬೆನ್ನು ಹಾಕಿ, ದುಭಾಷಿಯ ಕಡೆ ಮುಖ ಮಾಡಿ ಕೂತಳು. ಆ ಮನೆಯಲ್ಲಿ ಬೆನ್ನು ಹಾಕಿದರೆ ಮಾತು ಮುಗಿಯಿತೆಂದೇ ಅರ್ಥ. ರಾದೊಯೆಯೂ ಕುರ್ಚಿ ತಿರುಗಿಸಿದ, ಅವನ ಹಿಂದೆಯೇ ದುಂಡು ಮೇಜಿನ ಉಳಿದವರೂ.

ಒಲಿವೆರಾಳ ಕೈಗಳು ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದವು. ನೋಡುವವರು ಯಾರೂ ಇರಲಿಲ್ಲ. ಆಮೇಲೆ ಚಮಚ ಎತ್ತಿಕೊಂಡಳು. ಕಣ್ಣೀರು ಇಳಿಯುತ್ತಿದ್ದರೂ ತಲೆ ಎತ್ತದೆ ಕುಡಿದಳು. ಸೂಪಿನಿಂದ ಇನ್ನೂ ಹಬೆ ಏಳುತ್ತಿತ್ತು.