ಶೌಚಾಲಯದ ಫೋಟೊಗೆ ಮಾತ್ರ ಅನುಮತಿ

ವೈಟ್‌ಫೀಲ್ಡಿನ ಒಂದು ಆರ್ಕಿಟೆಕ್ಟ್ ಕಚೇರಿಯಲ್ಲಿ ಸಂದರ್ಶನವಿತ್ತು. ಆ ಕೆಲಸ ನನಗೆ ಬೇಕೇ ಬೇಕಿತ್ತು. ಆದರೆ ಅಲ್ಲಿಯವರೆಗೆ ನಾನೊಬ್ಬಳೇ ವಿನ್ಯಾಸ ಮಾಡಿ ಕಟ್ಟಿಸಿದ್ದು ಪೀಣ್ಯದ ಒಂದು ಕಾರ್ಖಾನೆ ಮಾತ್ರ. ಉತ್ತರದ ಬೆಳಕು ಒಳಗೆ ಇಳಿಯುವಂತೆ ಮಾಡಿದ, ಗರಗಸದ ಹಲ್ಲಿನಂಥ ಅದರ ಚಾವಣಿ ನನ್ನ ಹೆಮ್ಮೆ. ಪೋರ್ಟ್‌ಫೋಲಿಯೊದಲ್ಲಿ ಅದರ ಫೋಟೊ ಹಾಕಲು ಮಾಲೀಕರ ಅನುಮತಿ ಕೇಳಿದೆ.

“ಶೆಡ್ ಒಳಗಿನ್ದು ಬೇಡಮ್ಮ. ಮಷೀನ್ ಹೆಂಗೆ ಕೂರ್ಸಿದೀವಿ ಅಂತ ಪಕ್ಕದ್ ರೋಡ್ ಫ್ಯಾಕ್ಟರಿಯೋರು ನೋಡ್ಕೊಂಡ್ಬಿಡ್ತಾರೆ,” ಎಂದರು. ನನ್ನ ಮುಖ ನೋಡಿ ಮರುಕ ಬಂದಿರಬೇಕು. “ಟಾಯ್ಲೆಟ್ ಬ್ಲಾಕ್ ಹಾಕ್ಕೊಳಿ. ಎಷ್ಟು ಬೇಕಾದ್ರೂ ಹಾಕ್ಕೊಳಿ.”

ಹೀಗಾಗಿ ‘ಬೆಳಕೇ ನನ್ನ ಮೊದಲ ಸಾಮಗ್ರಿ’ ಎಂದು ನನ್ನ ವಿನ್ಯಾಸದ ಧೋರಣೆಯನ್ನು ಬರೆದ ಪುಟದಲ್ಲಿ ಸಾಲು ವಾಶ್‌ಬೇಸಿನ್‌ಗಳು ಹೊಳೆಯುತ್ತಿದ್ದವು. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಆಟೊಕ್ಯಾಡ್ ಬರುತ್ತದೆ ಎಂದು ತೋರಿಸುವ ಪುಟದಲ್ಲೂ ಅದೇ ಶೌಚಾಲಯದ ನಕ್ಷೆ.

ಸಂದರ್ಶನ ಮಾಡುತ್ತಿದ್ದ ಹಿರಿಯ ಆರ್ಕಿಟೆಕ್ಟ್ ಪುಟಗಳನ್ನು ಹಿಂದೆ ಮುಂದೆ ತಿರುವಿ, “ಫ್ಯಾಕ್ಟರಿ ಎಲ್ರೀ?” ಎಂದರು.

“ಪರ್ಮಿಶನ್ ಇಲ್ಲ ಮೇಡಂ. ಟಾಯ್ಲೆಟ್‌ಗೆ ಮಾತ್ರ ಕೊಟ್ರು.”

ಅವರು ನಕ್ಕರೆಂದು ನನ್ನ ನೆನಪು. ನಾಚಿಕೆ ಮರೆಯಲು ಆಮೇಲೆ ನಾನೇ ಸೇರಿಸಿಕೊಂಡ ನಗುವೂ ಅದಾಗಿರಬಹುದು. ಮುಂದಿನ ಮಾತಂತೂ ಖಚಿತ.

“ನಾವ್ ಮಾಡ್ತಿರೋ ಟೆಕ್ ಪಾರ್ಕು ಒಂಬತ್ ಫ್ಲೋರು. ಪ್ರತಿ ಫ್ಲೋರಲ್ಲೂ ಟಾಯ್ಲೆಟ್ ಇದೆ. ಇಲ್ಲಿ ಯಾರೂ ಅದನ್ನ ಡ್ರಾ ಮಾಡೋಕೆ ಒಪ್ತಿಲ್ಲ. ಸೋಮವಾರದಿಂದ ಬರ್ತೀರಾ?”

ಹೋದೆ. ಮೊದಲ ವರ್ಷವಿಡೀ ಬೇರೆ ಯಾವುದರ ನಕ್ಷೆಯನ್ನಾದರೂ ಬರೆದೆನೇ ಎಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.