ಬಿಟ್ಟುಹೋದ ಮೂವತ್ತನಾಲ್ಕು

ಬಳ್ಳಾರಿಯ ಕಾಲೇಜೊಂದರಲ್ಲಿ ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿಸುತ್ತೇನೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಕೊಟ್ಟಿದ್ದೆ: ಮೂವತ್ತೈದರಿಂದ ನೂರರವರೆಗಿನ ಅಂಕಕ್ಕೆ ಪಾಸ್ ಎನ್ನುವ ಪ್ರೋಗ್ರಾಂ ಇದೆ, ಒಳಗಿನ ಕೋಡ್ ನೋಡದೆ, ಗಡಿಯ ಅಂಕಗಳನ್ನು ಕೊಟ್ಟು ಪರೀಕ್ಷಿಸಿ.

ಸಿರಿಗೇರಿಯಿಂದ ಬರುವ ಹುಡುಗಿ 35, 36, 99, 100, 101 ಬರೆದಿದ್ದಳು. 34ಕ್ಕೆ ಫೇಲ್ ಅನ್ನುತ್ತದೆಯೋ ಇಲ್ಲವೋ ನೋಡುವುದನ್ನೇ ಬಿಟ್ಟಿದ್ದಳು. ಒಂದು ಅಂಕ ಕಳೆದೆ.

ಉತ್ತರಪತ್ರಿಕೆ ಹಂಚಿದ ಕೂಡಲೇ ಆ ಪುಟ ಹಿಡಿದು ಜಗಳಕ್ಕೆ ಬಂದಳು.

“ಮೂವತ್ನಾಕು ಯಾರಿಗೂ ಬೀಳಂಗಿಲ್ರಿ ಮೇಡಂ. ಒಂದು ಕಡಿಮಿ ಆದ್ರ ನೀವ ಸೇರಿಸಿ ಪಾಸ್ ಮಾಡ್ತೀರಿ.”

ಮಾತು ನಿಜ. ನಾವೆಲ್ಲ ಮಾಡುವುದೇ ಹಾಗೆ.

“ಪ್ರೋಗ್ರಾಂಗೆ ಕನಿಕರ ಇರಂಗಿಲ್ಲವ್ವ,” ಎಂದು ಮೊದಲ ಪುಟ ತಿರುವಿ ಅವಳ ಒಟ್ಟು ಅಂಕ ತೋರಿಸಿದೆ. ಮೂವತ್ತನಾಲ್ಕು. ನಾನು ಸೇರಿಸಿರಲಿಲ್ಲ.